ದಿನಕ್ಕೆ ಶೇ 2 ಲಾಭ ಖಚಿತ ಎನ್ನುವ ಷೇರು ಗುಂಪು ಮತ್ತು ನಿಜವಾದ ಹೂಡಿಕೆ ಸಲಹೆಗಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಡುವುದು ನನ್ನ ಕಸುಬು. ಮೊದಲೆಲ್ಲ ಜನ ಪಾಸ್‌ಬುಕ್ಕು, ಫಾರ್ಮ್ 16 ಹಿಡಿದುಕೊಂಡು ಬರುತ್ತಿದ್ದರು. ಈಗ ಕೆಲವರು ಮೊಬೈಲನ್ನೇ ಮುಂದೆ ಚಾಚಿಕೊಂಡು ಒಳಗೆ ಬರುತ್ತಾರೆ: ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪು, ಅದರಲ್ಲೊಬ್ಬ ‘ಪ್ರೊಫೆಸರ್’, ದಿನವೂ ಲಾಭ. ನಂಬಬಹುದೇ ಎಂಬ ಪ್ರಶ್ನೆ. ಗದಗ, ಹಾವೇರಿಯಿಂದ ಬರುವವರ ಪ್ರಶ್ನೆಯೂ ಅದೇ ಆಗಿರುವುದರಿಂದ ಉತ್ತರಗಳನ್ನು ಬರೆದಿಟ್ಟಿದ್ದೇನೆ. ನಾನು ಹೂಡಿಕೆ ಸಲಹೆಗಾರನಲ್ಲ. ಯಾವ ಷೇರು ಕೊಳ್ಳಬೇಕು ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ.

ದಿನಕ್ಕೆ ಶೇ 2 ಲಾಭ ಖಚಿತ ಎನ್ನುತ್ತಾರೆ. ಷೇರಿನಲ್ಲಿ ಅಷ್ಟು ಬರುವುದುಂಟಲ್ಲ?

ಒಂದು ಷೇರು ಒಂದು ದಿನ ಶೇ 2 ಏರುವುದು ಸಾಮಾನ್ಯ ಸಂಗತಿ. ಗುಂಪಿನವರು ಹೇಳುತ್ತಿರುವುದು ಅದಲ್ಲ. ಪ್ರತಿದಿನ, ತಪ್ಪದೆ, ಇಷ್ಟು ಬರುತ್ತದೆ ಎನ್ನುತ್ತಿದ್ದಾರೆ. ಕ್ಯಾಲ್ಕ್ಯುಲೇಟರ್ ತೆಗೆದುಕೊಳ್ಳಿ. ವರ್ಷಕ್ಕೆ ಷೇರುಪೇಟೆ ನಡೆಯುವುದು ಸುಮಾರು 250 ದಿನ. 50,000 ರೂಪಾಯಿ ಹಾಕಿ, ಬಂದ ಲಾಭವನ್ನೂ ಅದರಲ್ಲೇ ಬಿಟ್ಟರೆ ಒಂದು ವರ್ಷಕ್ಕೆ ಅದು ಸುಮಾರು 70 ಲಕ್ಷವಾಗಬೇಕು. ಇನ್ನೊಂದು ವರ್ಷ ಬಿಟ್ಟರೆ ಹೆಚ್ಚುಕಡಿಮೆ 100 ಕೋಟಿ. ಇಂಥ ವಿದ್ಯೆ ಕೈಯಲ್ಲಿರುವವನು ಬ್ಯಾಂಕಿನಲ್ಲಿ ಒಂದು ವೈಯಕ್ತಿಕ ಸಾಲ ಎತ್ತಿ ಎರಡು ವರ್ಷ ಸುಮ್ಮನೆ ಕೂರುತ್ತಾನೆ. ಬೆಟಗೇರಿಯ ನೇಕಾರರ ಹತ್ತು ಸಾವಿರಕ್ಕೆ ಕೈಚಾಚುವುದಿಲ್ಲ.

ಲೆಕ್ಕ ಬೇಡವೆಂದರೆ ಕಾನೂನನ್ನೇ ನೋಡಿ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತನಾದ ಸಲಹೆಗಾರ ಯಾರಿಗೂ ಇಂತಿಷ್ಟು ಲಾಭ ಖಚಿತ ಎಂದು ಹೇಳುವಂತಿಲ್ಲ. ಅಂದರೆ ‘ಖಚಿತ’ ಎಂದು ಹೇಳಿದವನು ನೋಂದಣಿ ಇಲ್ಲದವನು, ಇಲ್ಲವೇ ನೋಂದಣಿ ಇದ್ದೂ ನಿಯಮ ಮುರಿಯುತ್ತಿರುವವನು. ಇವೆರಡರಲ್ಲಿ ಯಾವುದು ಎಂದು ಪತ್ತೆ ಮಾಡುವುದರಿಂದ ನಿಮಗೇನೂ ಲಾಭವಿಲ್ಲ.

ಹಾಗಾದರೆ ನಿಜವಾದ ಸಲಹೆಗಾರ ಹೇಗಿರುತ್ತಾನೆ?

ಮೊದಲ ಭೇಟಿಯಲ್ಲಿ ಸ್ವಲ್ಪ ಬೇಸರ ತರಿಸುತ್ತಾನೆ. ಷೇರಿನ ಹೆಸರು ಹೇಳುವ ಮೊದಲು ನಿಮ್ಮ ವಯಸ್ಸು, ಸಂಬಳ, ಸಾಲ, ಮಕ್ಕಳ ಓದು, ಹಣ ಯಾವಾಗ ಬೇಕು, ಅರ್ಧದಷ್ಟು ಕರಗಿದರೆ ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳುತ್ತಾನೆ. ಇದು ಅವನ ಕುತೂಹಲವಲ್ಲ. ಹೂಡಿಕೆ ಸಲಹೆಗಾರರಿಗಾಗಿ ಸೆಬಿ 2013ರಲ್ಲಿ ತಂದ ನಿಯಮಗಳ ಪ್ರಕಾರ, ಗ್ರಾಹಕನ ನಷ್ಟ ತಾಳುವ ಶಕ್ತಿಯನ್ನು ಅಳೆದು, ಅದಕ್ಕೆ ಹೊಂದುವ ಸಲಹೆಯನ್ನಷ್ಟೇ ಕೊಡಬೇಕು. ಆಮೇಲೆ ಲಿಖಿತ ಒಪ್ಪಂದ. ಆಮೇಲೆ ಶುಲ್ಕ. ಶುಲ್ಕಕ್ಕೂ ಮಿತಿ ಇದೆ: ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ 1,51,000 ರೂಪಾಯಿ, ಸಲಹೆಗೆ ಒಳಪಟ್ಟ ಆಸ್ತಿಯ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಹೆಚ್ಚೆಂದರೆ ಶೇ 2.5. ಲಾಭದಲ್ಲಿ ಪಾಲು ಕೇಳಲು ಅವನಿಗೆ ಅವಕಾಶವಿಲ್ಲ.

ಇಷ್ಟನ್ನೂ ನೆನಪಿಟ್ಟುಕೊಳ್ಳಲಾಗದಿದ್ದರೆ ಒಂದನ್ನು ಹಿಡಿದುಕೊಳ್ಳಿ, ಏಕೆಂದರೆ ಮುಂದಿನ ಉತ್ತರಗಳೆಲ್ಲ ಅದರ ಮೇಲೆಯೇ ನಿಂತಿವೆ. ಸಲಹೆಗಾರನ ಕೈಗೆ ಹೋಗುವುದು ಅವನ ಶುಲ್ಕ ಮಾತ್ರ. ನೀವು ಹೂಡುವ ಹಣ ಅವನ ಕೈ ಸೋಕುವುದೇ ಇಲ್ಲ. ಅದು ನಿಮ್ಮ ಬ್ಯಾಂಕ್ ಖಾತೆಯಿಂದ ನಿಮ್ಮ ಬ್ರೋಕರ್‌ನಲ್ಲಿರುವ ನಿಮ್ಮದೇ ಹೆಸರಿನ ಟ್ರೇಡಿಂಗ್ ಖಾತೆಗೆ ಹೋಗುತ್ತದೆ, ಷೇರು ಅದನ್ನು ಇಡುವ ನಿಮ್ಮದೇ ಡಿಮ್ಯಾಟ್ ಖಾತೆಗೆ ಬಂದು ಬೀಳುತ್ತದೆ. ಮಾತು, ಕೋಟು, ಕಚೇರಿ ಎಲ್ಲವನ್ನೂ ನಟಿಸಬಹುದು. ಹಣದ ದಾರಿಯನ್ನು ನಟಿಸುವುದು ಕಷ್ಟ.

ಅವರು ಸೆಬಿ ಪ್ರಮಾಣಪತ್ರದ ಪಿಡಿಎಫ್ ಕಳುಹಿಸಿದ್ದಾರೆ. ಅಷ್ಟು ಸಾಲದೇ?

ಸಾಲದು. ಲಾಂಛನ, ಸಹಿ, ಮೊಹರು ಇರುವ ಪಿಡಿಎಫ್ ತಯಾರಿಸುವುದಕ್ಕೆ ಮದುವೆ ಕಾರ್ಡು ಮಾಡಿಸಿದಷ್ಟೂ ಖರ್ಚಾಗುವುದಿಲ್ಲ. ಅದಕ್ಕಿಂತ ಜಾಣತನದ ಮೋಸ ಇನ್ನೊಂದಿದೆ: ಬೇರೆ ಊರಿನ ಯಾವುದೋ ನಿಜವಾದ ಸಲಹೆಗಾರನ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನೇ ಕದ್ದು ಹಾಕಿಕೊಳ್ಳುವುದು. ಸಂಖ್ಯೆ ಸರಿಯಾಗಿರುತ್ತದೆ, ಮನುಷ್ಯ ಬೇರೆ.

ಆದ್ದರಿಂದ ಪರೀಕ್ಷೆ ಎರಡು ಹಂತದ್ದು. ಮೊದಲು ಸಂಖ್ಯೆಯನ್ನು ನೋಡಿ. ಹೂಡಿಕೆ ಸಲಹೆಗಾರನದು INA ಎಂದು ಶುರುವಾಗುತ್ತದೆ, ನಂತರ ಒಂಬತ್ತು ಅಂಕಿ. ಯಾವ ಷೇರು ಕೊಳ್ಳಬಹುದು, ಮಾರಬಹುದು ಎಂದು ಎಲ್ಲರಿಗೂ ಒಂದೇ ಶಿಫಾರಸು ಕೊಡುವ ಸಂಶೋಧನಾ ವಿಶ್ಲೇಷಕನದು INH. sebi.gov.in ತಾಣದಲ್ಲಿ Recognised Intermediaries ಎಂಬ ಪಟ್ಟಿ ಇದೆ. ಅಲ್ಲಿ ಹೆಸರು ಅಥವಾ ಸಂಖ್ಯೆ ಹಾಕಿ ಹುಡುಕಿ.

ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಆ ಪಟ್ಟಿಯಲ್ಲಿ ಅವರ ಇಮೇಲ್, ದೂರವಾಣಿ, ವಿಳಾಸವೂ ಇರುತ್ತವೆ. ಗುಂಪಿನಲ್ಲಿ ಕೊಟ್ಟಿರುವ ನಂಬರನ್ನು ಬಿಟ್ಟು, ಪಟ್ಟಿಯಲ್ಲಿರುವ ಇಮೇಲ್‌ಗೆ ಒಂದು ಸಾಲು ಬರೆಯಿರಿ: ‘ನಿಮ್ಮ ಹೆಸರಿನಲ್ಲಿ ನಡೆಯುತ್ತಿರುವ ಈ ಗುಂಪು ನಿಮ್ಮದೇ?’ ನನ್ನ ಕಡೆಯಿಂದ ಹೀಗೆ ಬರೆಸಿದ್ದು ಎರಡು ಬಾರಿ. ಎರಡೂ ಬಾರಿ ಅಲ್ಲಿಂದ ಬಂದ ಉತ್ತರ ಒಂದೇ: ನಮ್ಮದಲ್ಲ, ನಾವೂ ದೂರು ಕೊಟ್ಟಿದ್ದೇವೆ.

ಹಣ ಕಳುಹಿಸುವ ಹೊತ್ತಿಗೆ ಇನ್ನೊಂದು ಕಾವಲು ಇದೆ. 2025ರ ಅಕ್ಟೋಬರ್ 1ರಿಂದ ಹೂಡಿಕೆದಾರರಿಂದ ಹಣ ಪಡೆಯುವ ನೋಂದಾಯಿತ ಸಂಸ್ಥೆಗಳು ಕೊನೆಯಲ್ಲಿ @valid ಎಂದೂ ಅದಕ್ಕೆ ಅಂಟಿಕೊಂಡು ಬ್ಯಾಂಕಿನ ಹೆಸರೂ ಇರುವ ಯುಪಿಐ ವಿಳಾಸ ಇಟ್ಟುಕೊಳ್ಳಬೇಕು. ಪಾವತಿಯ ಪರದೆಯಲ್ಲಿ ಹಸಿರು ತ್ರಿಕೋನದೊಳಗೆ ಹೆಬ್ಬೆರಳು ಎತ್ತಿದ ಗುರುತು ಕಾಣುತ್ತದೆ. ಸೆಬಿಯ SEBI Check ಎಂಬ ಸೌಲಭ್ಯದಲ್ಲಿ ಯುಪಿಐ ವಿಳಾಸ ಅಥವಾ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿ ಅದು ನೋಂದಾಯಿತರದ್ದೇ ಎಂದು ನೋಡಬಹುದು. ‘ಶ್ರೀ ಅಮುಕ ಟ್ರೇಡರ್ಸ್’ ಎಂಬ ಚಾಲ್ತಿ ಖಾತೆಯ ಸಂಖ್ಯೆ ಕೊಟ್ಟು ‘ಇಂದಿನ ಮಟ್ಟಿಗೆ ಇದಕ್ಕೆ ಹಾಕಿ’ ಎನ್ನುವವರ ವಿಷಯದಲ್ಲಿ ಇದನ್ನೂ ನೋಡಬೇಕಾಗಿಲ್ಲ.

ನಾನು ಪರೀಕ್ಷೆ ಮಾಡಿಯೇ ನೋಡಿದ್ದೇನೆ. ಸ್ವಲ್ಪ ಹಣ ವಾಪಸ್ ತೆಗೆದೆ, ಬಂತು. ಇನ್ನೇನು ಅನುಮಾನ?

ಈ ಮಾತನ್ನು ನನಗೆ ಹೇಳಿದವರಲ್ಲಿ ಗದಗದ ಒಬ್ಬ ನಿವೃತ್ತ ಮಾಸ್ತರರೂ ಇದ್ದರು. ಮೂವತ್ತು ವರ್ಷ ಗಣಿತ ಕಲಿಸಿದವರು. ಅವರ ಕಥೆಯನ್ನು ಅಂಕಿಗಳ ಸಮೇತ ಹೇಳುತ್ತೇನೆ, ಅವರ ಒಪ್ಪಿಗೆ ಇದೆ.

ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಒತ್ತಿದರು, ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದರು. ಹದಿನೈದು ದಿನ ಸುಮ್ಮನೆ ನೋಡಿದರು. ಬೆಳಗ್ಗೆ ಪಾಠ, ಮಧ್ಯಾಹ್ನ ಟಿಪ್ಸ್, ಸಂಜೆ ಸದಸ್ಯರು ಹಾಕುವ ಲಾಭದ ಚಿತ್ರಗಳು, ‘ಗುರುಗಳಿಗೆ ಧನ್ಯವಾದ’ ಎನ್ನುವ ಸಂದೇಶಗಳು. ನಂತರ ‘ಪ್ರೊಫೆಸರ್’ನ ಸಹಾಯಕಿ ಒಂದು ಆ್ಯಪ್‌ನ ಕೊಂಡಿ ಕಳುಹಿಸಿದಳು. ಅದು ಪ್ಲೇ ಸ್ಟೋರ್‌ನದಾಗಿರಲಿಲ್ಲ. ದೊಡ್ಡ ಸಂಸ್ಥೆಗಳ ವಿಶೇಷ ಖಾತೆಯ ಮೂಲಕ ಕೊಳ್ಳುವುದರಿಂದ ಷೇರು ಅಗ್ಗಕ್ಕೆ ಸಿಗುತ್ತದೆ ಎಂದು ವಿವರಿಸಿದಳು. (ವಿದೇಶಿ ಹೂಡಿಕೆದಾರರ ಖಾತೆಯ ಮೂಲಕ ಷೇರು ಕೊಡಿಸುತ್ತೇವೆ ಎನ್ನುವ ಮೋಸದ ಬಗ್ಗೆ ಸೆಬಿ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ದೇಶದೊಳಗಿನ ಸಾಮಾನ್ಯರಿಗೆ ಆ ಬಾಗಿಲು ಇಲ್ಲ.)

ಮೊದಲು 10,000 ಹಾಕಿದರು. ಎರಡು ದಿನಕ್ಕೆ ಆ್ಯಪ್‌ನಲ್ಲಿ 10,600 ಕಂಡಿತು. 2,000 ವಾಪಸ್ ಕೇಳಿದರು, ಅರ್ಧ ಗಂಟೆಯಲ್ಲಿ ಬ್ಯಾಂಕಿಗೆ ಬಂತು. ಆ 2,000 ರೂಪಾಯಿಯೇ ಇಡೀ ನಾಟಕದಲ್ಲಿ ಗುಂಪಿನವರು ಮಾಡಿದ ಖರ್ಚು. ಅದಾದ ಮೇಲೆ ಮಾಸ್ತರರು 50,000 ಹಾಕಿದರು, ನಂತರ 2 ಲಕ್ಷ. ಪ್ರತಿ ಸಲವೂ ಬೇರೆ ಖಾತೆ: ಒಮ್ಮೆ ಬಟ್ಟೆ ಅಂಗಡಿಯ ಹೆಸರು, ಒಮ್ಮೆ ಯಾವುದೋ ಎಂಟರ್‌ಪ್ರೈಸಸ್. ಕೊನೆಗೆ ಕಂಪನಿಯೊಂದು ಮೊದಲ ಬಾರಿ ಜನರಿಗೆ ಷೇರು ಮಾರುವ ಒಂದು ಐಪಿಒದಲ್ಲಿ ‘ನಿಮಗೆ 6,000 ಷೇರು ಮಂಜೂರಾಗಿದೆ, 4,80,000 ತುಂಬದಿದ್ದರೆ ಖಾತೆ ಸ್ಥಗಿತವಾಗುತ್ತದೆ’ ಎಂದರು. ನಿವೃತ್ತಿ ಹಣದಿಂದ ಅದನ್ನೂ ತುಂಬಿದರು. ಒಟ್ಟು 7,40,000.

ಆ್ಯಪ್‌ನಲ್ಲಿ 23,40,000 ಕಾಣುತ್ತಿತ್ತು. ತೆಗೆಯಲು ಹೋದಾಗ ಶೇ 15 ತೆರಿಗೆ ಮುಂಗಡ ಕಟ್ಟಬೇಕೆಂದು ಬಂತು, 3,51,000. ಅದಕ್ಕಾಗಿಯೇ ನನ್ನ ಬಳಿ ಬಂದಿದ್ದರು. ‘ತಮ್ಮಾ, ಈ ತೆರಿಗೆಯನ್ನು ರಿಟರ್ನ್‌ನಲ್ಲಿ ಯಾವ ಕಾಲಮ್ಮಿನಲ್ಲಿ ತೋರಿಸುವುದು?’ ಎಂದು ಕೇಳಿದರು. ಹಣ ಹೋಗಿದೆ ಎಂಬ ಅನುಮಾನ ಆ ಪ್ರಶ್ನೆಯಲ್ಲಿ ಲವಲೇಶವೂ ಇರಲಿಲ್ಲ. ಉತ್ತರ ಹೇಳಲು ನನಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಣ್ಣ ಮೊತ್ತ ವಾಪಸ್ ಬರುವುದು ಪ್ರಾಮಾಣಿಕತೆಯ ಸಾಕ್ಷಿಯಲ್ಲ, ಅದು ಗಾಳದ ತುದಿಯ ಎರೆಹುಳು. ಇನ್ನೂ ಒಂದು ಕೆಟ್ಟ ಸಂಗತಿ ಇದೆ. ಹಾಗೆ ಬಂದ ಹಣ ಸಾಮಾನ್ಯವಾಗಿ ಇನ್ನೊಬ್ಬ ಮೋಸಹೋದವನದೇ ಆಗಿರುತ್ತದೆ. ಅವನು ದೂರು ಕೊಟ್ಟರೆ ಪೊಲೀಸರು ಹಣದ ಜಾಡು ಹಿಡಿದು ನಿಮ್ಮ ಖಾತೆಗೂ ಬರುತ್ತಾರೆ, ನಿಮ್ಮ ಪಿಂಚಣಿ ಖಾತೆಯೇ ತಡೆಹಿಡಿಯಲ್ಪಡಬಹುದು.

ಆ್ಯಪ್‌ನಲ್ಲಿ ಷೇರು ಕಾಣಿಸುತ್ತಿವೆ. ಅವು ನಿಜವಾಗಿ ಇವೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದವರಿಗೆ ಇದನ್ನು ಹೇಳುವುದು ಸುಲಭ. ಚೀಲ ಇಳಿಸಿದ ಮೇಲೆ ನಿಮ್ಮ ರಾಶಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಟೆಂಡರಿನಲ್ಲಿ ಅದಕ್ಕೆ ಎಷ್ಟು ಧಾರಣೆ ಬಂತೆಂಬುದು ಮಾರುಕಟ್ಟೆಯ ದಾಖಲೆಯಲ್ಲಿರುತ್ತದೆ. ದಲಾಲ ‘ನಿಮ್ಮ ಚೀಲ ನನ್ನ ಪುಸ್ತಕದಲ್ಲಿವೆ, ನಂಬಿ’ ಎಂದರೆ ಸಾಕೇ? ಷೇರಿಗೂ ಹಾಗೆಯೇ, ಬ್ರೋಕರ್‌ನ ಆಚೆ ಇನ್ನೊಂದು ದಾಖಲೆ ಇದೆ. ದೇಶದ ಡಿಮ್ಯಾಟ್ ಷೇರುಗಳೆಲ್ಲ ಇರುವುದು ಎರಡೇ ಉಗ್ರಾಣಗಳಲ್ಲಿ: ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್. ಇಂದು ಕೊಂಡ ಷೇರು ಮುಂದಿನ ವಹಿವಾಟಿನ ದಿನ ಅಲ್ಲಿ ನಿಮ್ಮ ಹೆಸರಿಗೆ ಬಂದಿರಬೇಕು.

ಹಾಗಾಗಿ ಮೊದಲು ಗುಂಪಿನವರನ್ನು ನಿಮ್ಮ ಡಿಮ್ಯಾಟ್ ಸಂಖ್ಯೆ ಕೇಳಿ. ಸಿಡಿಎಸ್‌ಎಲ್‌ನದಾದರೆ ಹದಿನಾರು ಅಂಕಿ, ಎನ್‌ಎಸ್‌ಡಿಎಲ್‌ನದಾದರೆ IN ಎಂದು ಶುರುವಾಗಿ ಹದಿನಾಲ್ಕು ಅಂಕಿ. ಸಂಖ್ಯೆ ಕೊಟ್ಟರೂ ಅವರ ಆ್ಯಪ್‌ನಲ್ಲಿ ನೋಡಬೇಡಿ, ಉಗ್ರಾಣದ ಸ್ವಂತ ತಾಣದಲ್ಲಿ ಲಾಗಿನ್ ಮಾಡಿಕೊಂಡು ನೋಡಿ. ವಹಿವಾಟು ನಡೆದ ತಿಂಗಳಿನ ಒಟ್ಟು ಖಾತೆ ವಿವರಣೆ ನಿಮ್ಮ ಪ್ಯಾನ್‌ಗೆ ಜೋಡಿಸಿದ ಇಮೇಲ್‌ಗೆ ಬರುತ್ತದೆ. ಷೇರುಪೇಟೆಯೂ ಆ ದಿನದ ವಹಿವಾಟಿನ ಎಸ್‌ಎಂಎಸ್ ಕಳುಹಿಸುತ್ತದೆ. ಮಾಸ್ತರರ ಪ್ಯಾನ್ ಹಾಕಿ ನೋಡಿದಾಗ ಅವರ ಹಳೆಯ ಮ್ಯೂಚುವಲ್ ಫಂಡ್ ಒಂದು ಸಿಕ್ಕಿತು. 23 ಲಕ್ಷದ ಷೇರು ಎಲ್ಲೂ ಇರಲಿಲ್ಲ. ಆ್ಯಪ್ ಎಂದರೆ ಗುಂಪಿನವರಿಗೆ ಬೇಕಾದ ಅಂಕಿಯನ್ನು ತೋರಿಸುವ ಒಂದು ಫಲಕವಷ್ಟೇ.

ಐಪಿಒ ವಿಷಯ ಇನ್ನೂ ಸರಳ. ಅರ್ಜಿ ಹಾಕಿದಾಗ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಮೀಸಲಾಗಿ ನಿಲ್ಲುತ್ತದೆ. ಷೇರು ಸಿಕ್ಕರೆ ಕಡಿತವಾಗುತ್ತದೆ, ಸಿಗದಿದ್ದರೆ ಬಿಡುಗಡೆಯಾಗುತ್ತದೆ. ಮೊದಲು ಮಂಜೂರು, ಆಮೇಲೆ ಬೇರೊಬ್ಬರ ಖಾತೆಗೆ ಹಣ ಎಂಬ ಕ್ರಮವೇ ಇಲ್ಲ.

ತೆರಿಗೆ ಕಟ್ಟಿದರೆ ಮಾತ್ರ ಹಣ ಬಿಡುತ್ತಾರಂತೆ. ಕಟ್ಟಿ ತೆಗೆದುಬಿಡಲೇ?

ಒಂದು ರೂಪಾಯಿಯನ್ನೂ ಕಟ್ಟಬೇಡಿ. ಷೇರಿನ ಲಾಭದ ತೆರಿಗೆಯನ್ನು ನೀವೇ ನಿಮ್ಮ ಪ್ಯಾನ್ ಹೆಸರಿನ ಚಲನ್ ಮೂಲಕ ಸರ್ಕಾರಕ್ಕೆ ಕಟ್ಟುತ್ತೀರಿ. ಹಣ ಬಿಡುಗಡೆಗೆ ಷರತ್ತಾಗಿ ಅದನ್ನು ವಸೂಲಿ ಮಾಡುವ ಬ್ರೋಕರ್ ಇಲ್ಲ. ತೆರಿಗೆ ನಿಜವೇ ಆಗಿದ್ದರೆ 23 ಲಕ್ಷದಲ್ಲಿ ಮುರಿದುಕೊಂಡು ಉಳಿದದ್ದನ್ನು ಕೊಡಿ ಎಂದು ಕೇಳಿ ನೋಡಿ. ಆಗದು ಎನ್ನುತ್ತಾರೆ, ಏಕೆಂದರೆ ಮುರಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಕಟ್ಟಿದವರಿಗೆ ಮುಂದಿನ ವಾರ ‘ಪರಿಶೀಲನಾ ಶುಲ್ಕ’ ಬರುತ್ತದೆ.

ನಾನು ಯಾರಿಗೂ ಹಣ ಕೊಟ್ಟಿಲ್ಲ. ಟಿಪ್ಸ್ ನೋಡಿ ನನ್ನ ಸ್ವಂತ ಡಿಮ್ಯಾಟ್‌ನಲ್ಲೇ ಕೊಳ್ಳುತ್ತೇನೆ. ಇದರಲ್ಲಿ ಅಪಾಯವಿಲ್ಲವಲ್ಲ?

ಇದೆ. ಮೇಲೆ ಹೇಳಿದ ಪರೀಕ್ಷೆಗಳ ಮಿತಿಯೂ ಇಲ್ಲೇ ಇದೆ. ಷೇರು ನಿಜ, ಡಿಮ್ಯಾಟ್ ನಿಮ್ಮದು, ಆದರೂ ಹಣ ಹೋಗುತ್ತದೆ. ದಿನಕ್ಕೆ ಹೆಚ್ಚು ವಹಿವಾಟಿಲ್ಲದ ಸಣ್ಣ ಕಂಪನಿಯ ಷೇರನ್ನು ಗುಂಪು ನಡೆಸುವವರು ಮೊದಲೇ, ಉದಾಹರಣೆಗೆ 20 ರೂಪಾಯಿಗೆ ಕೊಂಡಿಟ್ಟುಕೊಂಡಿರುತ್ತಾರೆ. ಆಮೇಲೆ ಸಾವಿರಾರು ಜನರಿಗೆ ಒಟ್ಟಿಗೆ ಟಿಪ್ಸ್ ಕೊಡುತ್ತಾರೆ. ಜನ ಮುಗಿಬಿದ್ದು ಕೊಂಡಂತೆ ಬೆಲೆ 30ಕ್ಕೆ ಏರುತ್ತದೆ. ‘ನೋಡಿ, ಹೇಳಿದ ಹಾಗೆಯೇ ಆಯಿತು’ ಎಂಬ ಸಂದೇಶ ಬರುವಾಗ ಅವರು ನಿಮಗೇ ಮಾರುತ್ತಿರುತ್ತಾರೆ. ಅವರು ಮಾರಿ ಮುಗಿಸಿದ ಮೇಲೆ ಷೇರು ಒಂದು ದಿನದಲ್ಲಿ ಇಳಿಯಬಹುದಾದ ಕೆಳಮಿತಿಯನ್ನು ದಿನವೂ ಮುಟ್ಟಿ ನಿಲ್ಲುತ್ತದೆ. ಮಾರುತ್ತೇನೆಂದರೂ ಕೊಳ್ಳುವವರು ಸಿಗುವುದಿಲ್ಲ.

‘ಅವರ ಹತ್ತು ಟಿಪ್ಸ್‌ನಲ್ಲಿ ಎಂಟು ಸರಿಯಾಗಿವೆ’ ಎನ್ನುವವರಿಗೂ ಒಂದು ಮಾತು. ಎರಡು ಗುಂಪು ಮಾಡಿ ಒಂದರಲ್ಲಿ ಏರುತ್ತದೆ, ಇನ್ನೊಂದರಲ್ಲಿ ಇಳಿಯುತ್ತದೆ ಎಂದು ಬರೆದರೆ, ಯಾವುದೋ ಒಂದು ಗುಂಪಿಗೆ ಪ್ರೊಫೆಸರ್ ಮಹಾಜ್ಞಾನಿಯಾಗಿ ಕಾಣುತ್ತಾನೆ. ತಪ್ಪಿದ ಗುಂಪನ್ನು ಅಳಿಸಿಬಿಡುತ್ತಾರೆ. ನೀವು ಉಳಿದ ಗುಂಪಿನಲ್ಲಿದ್ದೀರಿ, ಅಷ್ಟೇ.

ಲಾಗಿನ್ ಮತ್ತು ಒಟಿಪಿ ಕೊಡಿ, ನಾವೇ ವಹಿವಾಟು ಮಾಡುತ್ತೇವೆ, ಲಾಭದಲ್ಲಿ ಶೇ 30 ಕೊಟ್ಟರೆ ಸಾಕು ಎನ್ನುತ್ತಾರೆ.

ಇತರರ ಹಣವನ್ನು ನಿರ್ವಹಿಸಲು ಬೇರೆಯೇ ನೋಂದಣಿ ಬೇಕು, ಅದಕ್ಕೆ ಗ್ರಾಹಕ ಕನಿಷ್ಠ 50 ಲಕ್ಷ ರೂಪಾಯಿ ತರಬೇಕು. 40,000 ರೂಪಾಯಿಯ ಖಾತೆಯನ್ನು ನಿರ್ವಹಿಸುತ್ತೇನೆ ಎನ್ನುವವನಿಗೆ ಆ ನೋಂದಣಿ ಇರುವುದಿಲ್ಲ. ಲಾಭ ಬಂದರೆ ಪಾಲು ಅವನಿಗೆ, ನಷ್ಟವಾದರೆ ಪೂರ್ತಿ ನಿಮಗೆ.

ಗುಂಪುಗಳೆಲ್ಲ ಮೋಸವೇ? ನಮ್ಮ ಬ್ಯಾಂಕಿನವರು, ಮ್ಯೂಚುವಲ್ ಫಂಡ್ ಏಜೆಂಟರು?

ಅಲ್ಲ. ನೋಂದಾಯಿತ ವಿಶ್ಲೇಷಕರು ಶುಲ್ಕ ಪಡೆದು ಟೆಲಿಗ್ರಾಂನಲ್ಲಿ ಶಿಫಾರಸು ಕಳುಹಿಸುವುದುಂಟು, ಅದು ಕಾನೂನಿಗೆ ವಿರುದ್ಧವಲ್ಲ. ಫಂಡ್ ವಿತರಕರೂ ಕಾನೂನುಬದ್ಧರೇ. ಆದರೆ ಅವರ ಆದಾಯ ಬರುವುದು ಫಂಡ್ ಕಂಪನಿಯ ಕಮಿಷನ್‌ನಿಂದ, ನಿಮ್ಮ ಶುಲ್ಕದಿಂದಲ್ಲ. ಅದನ್ನು ತಿಳಿದುಕೊಂಡು ವ್ಯವಹರಿಸಿದರೆ ತೊಂದರೆಯಿಲ್ಲ. ನೋಂದಣಿ ಇದ್ದರೂ ಸಲಹೆ ತಪ್ಪಾಗಬಹುದು ಎಂಬುದನ್ನೂ ಮರೆಯಬೇಡಿ. ಸೆಬಿ ಕೊಡುವುದು ಪರವಾನಗಿ, ಲಾಭದ ಹೊಣೆಯಲ್ಲ.

ಹಣ ಹೋಗಿಯೇ ಬಿಟ್ಟಿದೆ. ಈಗ?

ಇದನ್ನು ಓದುವುದನ್ನು ನಿಲ್ಲಿಸಿ 1930ಕ್ಕೆ ಕರೆ ಮಾಡಿ. cybercrime.gov.in ತಾಣದಲ್ಲೂ ದೂರು ದಾಖಲಿಸಬಹುದು. ಆತುರ ಏಕೆಂದರೆ, ನಿಮ್ಮ ಹಣ ಮೊದಲ ಖಾತೆಯಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಅಲ್ಲಿಂದ ಹತ್ತಾರು ಖಾತೆಗಳಿಗೆ ಹರಿದುಹೋಗುತ್ತದೆ. ಅದು ಎಲ್ಲಿ ಇನ್ನೂ ಉಳಿದಿದೆಯೋ ಅಲ್ಲಿ ಮಾತ್ರ ತಡೆಹಿಡಿಯಲು ಸಾಧ್ಯ. ಕರೆ ಮಾಡುವಾಗ ಪ್ರತಿ ಪಾವತಿಯ ದಿನಾಂಕ, ಮೊತ್ತ, ಪಾವತಿಯನ್ನು ಗುರುತಿಸುವ ಯುಟಿಆರ್ ಸಂಖ್ಯೆ, ಹಣ ಹೋದ ಖಾತೆ ಕೈಯಲ್ಲಿರಲಿ. ನಂತರ ನಿಮ್ಮ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಹಿಡಿದುಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಗುಂಪಿನಿಂದ ಸಿಟ್ಟಿಗೆ ಹೊರಬರಬೇಡಿ. ಮೊದಲು ಮಾತುಕತೆಯನ್ನೆಲ್ಲ ಉಳಿಸಿಕೊಳ್ಳಿ, ಅದೇ ನಿಮ್ಮ ಸಾಕ್ಷಿ. ಸೆಬಿಯ ಸ್ಕೋರ್ಸ್ ತಾಣ ನೋಂದಾಯಿತರ ವಿರುದ್ಧದ ದೂರಿಗೆ ಇರುವುದು. ಹೆಸರೇ ಗೊತ್ತಿಲ್ಲದ ಪ್ರೊಫೆಸರನ ವಿಷಯದಲ್ಲಿ ಅಲ್ಲಿ ಸಮಯ ಕಳೆಯಬೇಡಿ.

ಮಾಸ್ತರರು ಕೊನೆಯ ಕಂತು ಹಾಕಿ ಮೂರು ದಿನವಾಗಿತ್ತು. ಒಂದು ಖಾತೆಯಲ್ಲಿ 61,000 ರೂಪಾಯಿ ಸಿಕ್ಕಿ ತಡೆಹಿಡಿಯಲಾಯಿತು. ಉಳಿದದ್ದರ ಜಾಡು ಇನ್ನೂ ಹುಡುಕುತ್ತಿದ್ದಾರೆ. ದೂರು ಕೊಟ್ಟ ಎರಡನೇ ತಿಂಗಳು ಅವರಿಗೆ ಒಂದು ಕರೆ ಬಂತು. ಕಳೆದುಹೋದ ಹಣವನ್ನು ವಾಪಸ್ ಕೊಡಿಸುವ ಸಂಸ್ಥೆಯವರಂತೆ, ಕಡತದ ಖರ್ಚು 8,000 ರೂಪಾಯಿ ಮಾತ್ರವಂತೆ. ‘ಯಾರ ಹೆಸರಿನ ಖಾತೆಗೆ ಹಾಕಬೇಕು?’ ಎಂದು ಮಾಸ್ತರರು ಕೇಳಿದರು. ಆ ಕಡೆಯಿಂದ ಯಾವುದೋ ಟ್ರೇಡರ್ಸ್ ಹೆಸರು ಬಂತು. ಅದನ್ನು ನಿಧಾನವಾಗಿ ಎರಡು ಬಾರಿ ಹೇಳಿಸಿ, ಬರೆದುಕೊಂಡು, ಚೀಟಿಯನ್ನು ಠಾಣೆಗೆ ಕೊಟ್ಟು ಬಂದರು.